‘ಒಂದು ಭಾಮಿನಿ ಷಟ್ಪದಿ ಬರೆದುಕೊಡಿ’

‘ಒಂದು ಭಾಮಿನಿ ಷಟ್ಪದಿ ಬರೆದುಕೊಡಿ’ ಎಂದು ಯಾರಾದರೂ ಕೇಳಿದರೆ, ಆ ಮಾತಿನಲ್ಲಿ ಛಂದಸ್ಸಿನ ಹೆಸರು ಬಿಟ್ಟು ಬೇರೇನೂ ಇರುವುದಿಲ್ಲ. ಯಾವುದರ ಮೇಲೆ, ಯಾವ ಭಾವದಲ್ಲಿ, ಹಳೆಯ ಕನ್ನಡದಲ್ಲೋ ಇಂದಿನ ಕನ್ನಡದಲ್ಲೋ, ಓದುವುದಕ್ಕೋ ಹಾಡುವುದಕ್ಕೋ ಎಂಬುದೊಂದೂ ಗೊತ್ತಾಗುವುದಿಲ್ಲ. ಲಾಲಿ ಅಥವಾ ಸೋಬಾನೆ ಕೇಳಿದರೆ ಹೀಗಾಗುವುದಿಲ್ಲ, ತೊಟ್ಟಿಲೋ ಹಸೆಮಣೆಯೋ ಆ ಹೆಸರಿನಲ್ಲೇ ಇದೆ. ಅವಧಾನದ ವೇದಿಕೆಯಲ್ಲೂ ಪೃಚ್ಛಕರು ಕವಿಯನ್ನು ಬರಿಗೈಯಲ್ಲಿ ಬಿಡುವುದಿಲ್ಲ. ಸಮಸ್ಯಾಪೂರಣದಲ್ಲಿ ಒಂದು ಸಾಲನ್ನೂ ದತ್ತಪದಿಯಲ್ಲಿ ಪದ್ಯದೊಳಗೆ ಬರಲೇಬೇಕಾದ ಪದಗಳನ್ನೂ ಕೊಡುತ್ತಾರೆ. ಬರೀ ಷಟ್ಪದಿ ಕೇಳಿದಾಗ ಅಂಥ ಆಸರೆ ಇಲ್ಲದ್ದರಿಂದ ಬರೆಯುವವರ ಮೊದಲ ಕೆಲಸ ವಸ್ತುವನ್ನು ಹುಡುಕುವುದು. ಅದರಲ್ಲಿ ಛಂದಸ್ಸೇ ಅಷ್ಟಿಷ್ಟು ದಾರಿ ತೋರಿಸುತ್ತದೆ.

ಭಾಮಿನಿ ಷಟ್ಪದಿಗೆ ಆರು ಸಾಲು. ಹ್ರಸ್ವ ಅಕ್ಷರ ಲಘು, ಅದಕ್ಕೆ ಒಂದು ಮಾತ್ರೆ. ದೀರ್ಘ ಅಕ್ಷರವೂ ಒತ್ತಕ್ಷರದ ಹಿಂದಿನ ಅಕ್ಷರವೂ ಗುರು, ಅದಕ್ಕೆ ಎರಡು. 1, 2, 4, 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆ ಬರಬೇಕು. 3 ಮತ್ತು 6ನೆಯ ಸಾಲುಗಳಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು, ಕೊನೆಗೆ ಒಂದು ಗುರು ಸೇರಿ 23 ಆಗಬೇಕು. ಒಟ್ಟು 102 ಮಾತ್ರೆ. ಇದರ ಜೊತೆಗೆ ಆರು ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಇರಬೇಕು. ಇದೇ ಆದಿಪ್ರಾಸ. ಮೊದಲ ಅಕ್ಷರ ಒಂದು ಸಾಲಿನಲ್ಲಿ ಲಘುವಾದರೆ ಎಲ್ಲ ಸಾಲುಗಳಲ್ಲೂ ಲಘು, ಗುರುವಾದರೆ ಎಲ್ಲದರಲ್ಲೂ ಗುರು.

‘ತಕಿಟ ತಕಧಿಮಿ’ ಎಂದು ತಾಳ ಹಾಕಿದರೆ ಈ ನಡೆ ಕಿವಿಗೆ ಸಿಗುತ್ತದೆ. ಅದು ನಿಂತಲ್ಲಿ ನಿಲ್ಲುವ ನಡೆಯಲ್ಲ. ಎರಡು ಗಿಡ್ಡ ಸಾಲುಗಳು ಕಟ್ಟಿಕೊಟ್ಟದ್ದನ್ನು ಉದ್ದನೆಯ ಮೂರನೆಯ ಸಾಲು ಮುಂದಕ್ಕೆ ತಳ್ಳುತ್ತದೆ, ಆಮೇಲೆ ಮತ್ತೊಮ್ಮೆ ಹಾಗೆಯೇ. ಕುಮಾರವ್ಯಾಸ ತನ್ನ ಭಾರತದ ಕಥೆಯನ್ನೆಲ್ಲ ಇದೊಂದೇ ಷಟ್ಪದಿಯಲ್ಲಿ ಹೇಳಿದ, ಯಕ್ಷಗಾನ ಪ್ರಸಂಗಗಳಲ್ಲಿಯೂ ಕಥೆ ಮುಂದೆ ಸಾಗಿಸಲು ಭಾಮಿನಿಯ ಪದ್ಯಗಳು ಬರುತ್ತವೆ. ಅಂದಮೇಲೆ ವಸ್ತು ಗೊತ್ತಿಲ್ಲದಾಗ ಈ ಛಂದಸ್ಸಿಗೆ ಹೊಂದುವುದು ಒಂದು ಪುಟ್ಟ ಘಟನೆ. ಮೂರನೆಯ ಸಾಲಿಗೆ ಏನಾದರೂ ಬದಲಾಗಬೇಕು, ಆರನೆಯದಕ್ಕೆ ಅದೆಲ್ಲಿಗೆ ಮುಟ್ಟಿತು ಎಂಬುದು ಕಾಣಬೇಕು.

ಹೆಚ್ಚಿನವರು ಎಡವುವುದು ಇಲ್ಲಿಯೇ. ವಿಷಯ ಕೊಟ್ಟಿಲ್ಲವೆಂದು ಪ್ರೀತಿ, ಪ್ರಕೃತಿ, ಬದುಕು, ಕನ್ನಡಮ್ಮ ಇಂಥ ದೊಡ್ಡ ಹೆಸರುಗಳ ಕಡೆ ಹೋಗುತ್ತಾರೆ. ಎಲ್ಲರಿಗೂ ಒಪ್ಪಿಗೆಯಾಗಲಿ ಎಂಬುದು ಅವರ ಲೆಕ್ಕ. ಆದರೆ ಅಂಥ ಪದ್ಯದಲ್ಲಿ ಏನೂ ನಡೆಯುವುದಿಲ್ಲ, ಆರೂ ಸಾಲು ವಿಶೇಷಣಗಳಿಂದ ತುಂಬುತ್ತವೆ. ಇನ್ನು ಕೆಲವರು ಷಟ್ಪದಿಯನ್ನೇ ಕುರಿತು ಷಟ್ಪದಿ ಬರೆದುಬಿಡುತ್ತಾರೆ. ಅದು ಒಮ್ಮೆ ಚೆನ್ನ, ಎರಡನೆಯ ಸಲಕ್ಕೆ ಹಳತು. ಕೇಳಿದವರಿಗೂ ಬರೆಯುವವರಿಗೂ ಪರಿಚಯವಿರುವ, ಕಣ್ಣಿಗೆ ಕಾಣುವ ಒಂದು ಗಳಿಗೆಯನ್ನು ಹಿಡಿಯುವುದೇ ಮೇಲು.

ಬೇಸಗೆಯಲ್ಲಿ ಹಲಸಿನ ಹಪ್ಪಳ ಒಣಗಿಸುತ್ತಿರುವಾಗ ಮಳೆ ಬರುವುದು ಅಂಥ ಒಂದು ಗಳಿಗೆ. ಇದನ್ನು ಆರಿಸಿಕೊಂಡಮೇಲೆ ನಿರ್ಧಾರವಾಗಬೇಕಾದದ್ದು ಪ್ರಾಸಾಕ್ಷರ. ಪದ್ಯದ ಪದಗಳಲ್ಲಿ ಅರ್ಧದಷ್ಟನ್ನು ಆರಿಸುವುದು ಅದೇ ಎಂದರೂ ನಡೆಯುತ್ತದೆ. ‘ಹಪ್ಪಳ’ದಿಂದಲೇ ತೊಡಗಿದರೆ ‘ಪ್ಪ’ ಪ್ರಾಸವಾಗಿ, ‘ತಪ್ಪದೆ’, ‘ಒಪ್ಪುವ’ ಎಂಬ ಸವೆದ ಪದಗಳೇ ಸಾಲುಗಟ್ಟುತ್ತವೆ. ‘ಗ’ ಹಿಡಿದರೆ ಹಗಲು, ಮುಗಿಲು, ಜಗಲಿ, ಮಗಳು, ಬೊಗಸೆ ಎಂದು ಆ ಮನೆಗೂ ಆ ಮಳೆಗೂ ಸೇರಿದ ಪದಗಳೇ ಸಿಗುತ್ತವೆ. ಪ್ರತಿಯೊಂದೂ ಮೂರು ಲಘು, ಸಾಲಿನ ಮೊದಲ ಗಣಕ್ಕೆ ಅಳೆದಿಟ್ಟಂತಿವೆ. ಹೀಗೆ ಬೆಳೆದ ಪದ್ಯವೊಂದು:

ಹಗಲು ಮಾಳಿಗೆ ಮೇಲೆ ಹಪ್ಪಳ
ಒಗೆದ ಸೀರೆಯ ಹಾಸಿ ಹರಡಲು
ಮುಗಿಲು ಮೂಡಣದಿಂದ ಗುಡುಗುತ ಬಂತು ನೋಡುತಲೇ
ಜಗಲಿಯಿಂದಲೆ ಕೂಗಲಜ್ಜಿಯು
ಮಗಳು ಮೊಮ್ಮಗನೋಡಿ ಮೇಲಕೆ
ಬೊಗಸೆಯಲಿ ಮಳೆ ಹಿಡಿದು ತಂದರು ಹಪ್ಪಳವ ಮರೆತೇ

ಕೊನೆಯ ಸಾಲನ್ನು ಬಿಡಿಸಿದರೆ ಲೆಕ್ಕ ಕಾಣುತ್ತದೆ: ಬೊಗಸೆ (3), ಯಲಿ ಮಳೆ (4), ಹಿಡಿದು (3), ತಂದರು (4), ಹಪ್ಪ (3), ಳವ ಮರೆ (4), ತೇ (2). ಒಟ್ಟು 23. ಗಣ ಮುಗಿದಲ್ಲೇ ಪದವೂ ಮುಗಿಯಬೇಕೆಂಬ ನಿಯಮವಿಲ್ಲ. ‘ಹಪ್ಪಳವ’ ಎಂಬ ಪದ ಎರಡು ಗಣಗಳಲ್ಲಿ ಹಂಚಿಹೋಗಿದ್ದರೂ ಕಿವಿಗೆ ತೊಡಕಾಗುವುದಿಲ್ಲ.

ಕೇಳಿದವರು ಹೇಳದೆ ಬಿಟ್ಟ ಉಳಿದ ಸಂಗತಿಗಳೂ ಈ ಸಾಲುಗಳ ಒಳಗೆಯೇ ತೀರ್ಮಾನವಾಗಿವೆ. ಎರಡನೆಯ ಸಾಲಿನ ‘ಹರಡಲು’ ಇದ್ದಲ್ಲಿ ‘ಹರಡಿರೆ’ ಎಂದು ಬರೆದರೂ ಮಾತ್ರೆ ನಾಲ್ಕೇ. ಆದರೆ ಆ ರೂಪ ಇಡೀ ಪದ್ಯವನ್ನು ಹಳೆಯ ಕಾವ್ಯದ ಭಾಷೆಯತ್ತ ಎಳೆಯುತ್ತದೆ. ಮಾಳಿಗೆ, ಹಪ್ಪಳ, ಮೊಮ್ಮಗ ಇರುವಲ್ಲಿ ಅದು ಹೊಂದುವುದಿಲ್ಲ. ಮೂರನೆಯ ಸಾಲಿನಲ್ಲಿ ‘ಮೂಡಣ’ಕ್ಕೂ ‘ಪಡುವಣ’ಕ್ಕೂ ನಾಲ್ಕು ಮಾತ್ರೆಯೇ, ಛಂದಸ್ಸು ಯಾವುದಕ್ಕೂ ಅಡ್ಡಿ ಮಾಡುವುದಿಲ್ಲ. ಇಲ್ಲಿ ಆಯ್ಕೆ ಮಾಡಿದ್ದು ಊರು. ಮುಂಗಾರಿಗೆ ಮೊದಲಿನ ಗುಡುಗುಮಳೆ ಕರಾವಳಿಯ ಮನೆಗಳಿಗೆ ಸಾಮಾನ್ಯವಾಗಿ ಘಟ್ಟದ ಕಡೆಯಿಂದ, ಅಂದರೆ ಮೂಡಲಿನಿಂದ ಬರುತ್ತದೆ. ಭಾವವನ್ನು ಗೊತ್ತುಮಾಡಿದ್ದು ಆರನೆಯ ಸಾಲು. ಹಪ್ಪಳ ನೆನೆದುಹೋಯಿತೆಂದು ಅಲ್ಲಿ ಹೇಳಿದ್ದರೆ ಪದ್ಯ ಒಂದು ಸಣ್ಣ ನಷ್ಟದ ವರದಿಯಾಗುತ್ತಿತ್ತು. ಬೊಗಸೆಯಲ್ಲಿ ಮಳೆ ಬಂದದ್ದರಿಂದ ಸಂತೋಷವೇ ಅದರ ಭಾವವಾಯಿತು.

ಮಾತ್ರೆ ಸರಿಯಿದ್ದೂ ಪದ್ಯ ಕೆಡುವುದುಂಟು. ಮೊದಲ ಸಾಲಿನಲ್ಲಿ ‘ಹಗಲು ಮನೇಲಿ’ ಎಂದಿಟ್ಟರೆ ‘ಮನೇಲಿ’ ಎಂಬುದಕ್ಕೆ ಒಂದು, ಎರಡು, ಒಂದು ಎಂದು ನಾಲ್ಕು ಮಾತ್ರೆ ಸರಿಯಾಗಿಯೇ ಬರುತ್ತದೆ. ಆದರೆ ಗಣ ಲಘುವಿನಿಂದ ಹೊರಟು ಕೂಡಲೇ ಗುರುವಿಗೆ ಏರುವುದರಿಂದ ತಾಳ ಮುಗ್ಗರಿಸುತ್ತದೆ. ಮಾತ್ರಾಗಣಗಳಲ್ಲಿ ಇಂಥ ಆರಂಭವನ್ನು ಬಿಡುವುದು ಇದಕ್ಕಾಗಿಯೇ. ಎರಡನೆಯ ಕೇಡು ಪಾದಪೂರಣ: ಎರಡು ಮಾತ್ರೆ ಕಡಿಮೆ ಬಿದ್ದಲ್ಲಿ ‘ತಾ’, ‘ಮೇಣ್’ ಎಂದು ತುರುಕುವುದು. ಕಣ್ಣಿಗೆ ಇದು ತಪ್ಪಿಸಿಕೊಳ್ಳಬಹುದು, ಪದ್ಯವನ್ನು ಗದ್ಯವಾಗಿ ಬಿಡಿಸಿ ಹೇಳಿದರೆ ತಪ್ಪಿಸಿಕೊಳ್ಳುವುದಿಲ್ಲ. ಹಾಗೆ ಹೇಳುವಾಗ ಯಾವ ಪದ ಕೈಬಿಟ್ಟರೂ ಅರ್ಥ ಕದಲದೋ ಅದು ಮಾತ್ರೆಗಾಗಿ ಬಂದ ಪದ. ಆ ಸಾಲನ್ನು ಮತ್ತೆ ಕಟ್ಟಬೇಕು.

ಬರೆಯುವ ಮೊದಲೇ ಎಲ್ಲವನ್ನೂ ತಿರುಗಿ ಕೇಳಬಹುದಲ್ಲ ಎನಿಸಬಹುದು. ಯಾರಿಗಾಗಿ, ಎಂಬ ಒಂದು ಪ್ರಶ್ನೆ ತಪ್ಪಲ್ಲ. ಗಮಕಿಯೊಬ್ಬರು ಹಾಡುವುದಕ್ಕಾದರೆ ಮೂರನೆಯ ಮತ್ತು ಆರನೆಯ ಸಾಲುಗಳ ಕೊನೆಯಲ್ಲಿ ‘ಲೇ’, ‘ತೇ’ಗಳಂಥ ದೀರ್ಘಸ್ವರವೇ ಬೇಕು, ರಾಗ ಎಳೆಯಲು ಜಾಗ ಅಲ್ಲಿದೆ. ಮಕ್ಕಳಿಗೆ ಛಂದಸ್ಸು ಕಲಿಸುವುದಕ್ಕಾದರೆ ಪದಗಳು ಗಣದ ಅಂಚಿನಲ್ಲೇ ಮುಗಿಯುವುದು ಲೇಸು, ಪ್ರಸ್ತಾರ ಹಾಕುವಾಗ ಅವರು ಗಲಿಬಿಲಿಗೊಳ್ಳುವುದಿಲ್ಲ. ಆದರೆ ವಸ್ತು, ಭಾವ, ಭಾಷೆ ಎಂದು ಪ್ರಶ್ನೆಗಳ ಪಟ್ಟಿಯನ್ನೇ ಮುಂದಿಟ್ಟರೆ ಹೆಚ್ಚಿನವರು ‘ಯಾವುದಾದರೂ ಆದೀತು’ ಎಂದು ಬಿಡುತ್ತಾರೆ. ಬಿಡಿಯಾಗಿ ಕೇಳಿದವರಿಗೆ ಬೇಕಾದದ್ದು ಸಾಮಾನ್ಯವಾಗಿ ಬರೆಯುವವರ ಆಯ್ಕೆಯೇ. ಪದ್ಯ ಕೈಗೆ ಬಂದಮೇಲೆ ಅವರ ಮನಸ್ಸು ಅವರಿಗೇ ತಿಳಿಯುವುದೂ ಉಂಟು. ‘ಇದು ನಿವೃತ್ತರಾಗುವ ಮೇಷ್ಟ್ರಿಗೆ’ ಎಂದು ಆಗ ಹೇಳಿದರೆ, ಹಪ್ಪಳದ ಸಾಲುಗಳಿಗೆ ಮೇಷ್ಟ್ರ ಹೆಸರು ಅಂಟಿಸಿ ಕೊಡುವುದರಲ್ಲಿ ಅರ್ಥವಿಲ್ಲ. ಶಾಲೆಯ ಒಂದು ಗಳಿಗೆಯನ್ನು ಹುಡುಕಿ, ಪ್ರಾಸಾಕ್ಷರದಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ತೊಡಗಬೇಕಾಗುತ್ತದೆ.