ಚೆನ್ನೆಮಣೆಯಲ್ಲಿ ಮಗ್ಗಿ

ಏಳು ವರ್ಷದ ಮಗುವು ಏಳರ ಮಗ್ಗಿಯನ್ನು ಮೊದಲಿನಿಂದ ರಾಗವಾಗಿ ಒಪ್ಪಿಸುವುದು; ಆದರೆ “ಏಳೆಂಟ್ಲಿ ಎಷ್ಟು?” ಎಂದು ನಡುವಿನಿಂದ ಕೇಳಿದರೆ ತಡವರಿಸುವುದು. ಉರುಹೊಡೆದ ಮಗ್ಗಿ ಬರಿಯ ಧ್ವನಿಯ ಸರಪಣಿ. ಒಂದು ಕೊಂಡಿ ಕಳಚಿದರೆ ಮುಂದಿನದಕ್ಕೆ ಆಧಾರವಿಲ್ಲ. ಕಣ್ಣಿಗೆ ಕಾಣುವ ಆಧಾರವನ್ನು ಒದಗಿಸಬಲ್ಲ ಸಾಧನವೊಂದು ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟೆಗಳ ಕಡೆಯ ಹಳೆಯ ಮನೆಗಳಲ್ಲಿ ಸಿಕ್ಕೀತು. ಅದು ಮಳೆಗಾಲದ ಆಟವಾದ ಚೆನ್ನೆಮಣೆ, ಮೈಸೂರಿನವರ ಅಳಗುಳಿಮಣೆ.

ಮಣೆಯಲ್ಲಿ ಎರಡು ಸಾಲು. ಸಾಲಿಗೆ 7 ಗುಳಿ. ಪದ್ಧತಿಯಂತೆ ಗುಳಿಗೆ 4 ಬೀಜಗಳನ್ನು ಮಗುವೇ ತುಂಬಲಿ. ಒಂದು ಸಾಲನ್ನು ತುಂಬುವಾಗ 4, 8, 12 ಎಂದೆಣಿಸುತ್ತ 28ಕ್ಕೆ ನಿಲ್ಲುವುದು. ಎರಡನೆಯ ಸಾಲೂ ತುಂಬಿದ ಮೇಲೆ, ಎದುರುಬದುರಾದ ಎರಡು ಗುಳಿಗಳನ್ನು ಒಂದು ಜೋಡಿಯೆಂದು ತೋರಿಸಿರಿ. ಜೋಡಿಗೆ 8 ಬೀಜ, ಜೋಡಿಗಳು 7. 28ರ ಇಮ್ಮಡಿ 56. ಮಕ್ಕಳಿಗೆ ಅತಿ ಕಠಿನವಾದ “ಏಳೆಂಟ್ಲಿ ಐವತ್ತಾರು” ಆಟದ ಆರಂಭದಲ್ಲಿಯೇ ಮಣೆಯ ಮೇಲೆ ಹರಡಿರುವುದು.

ಇನ್ನು ಮುಚ್ಚಾಟ. ಒಬ್ಬರು ಕೆಲವು ಜೋಡಿಗಳ ಮೇಲೆ ಬಟ್ಟೆ ಹೊದಿಸಬೇಕು. ಇನ್ನೊಬ್ಬರು ಅಡಿಯಲ್ಲಿರುವ ಬೀಜಗಳೆಷ್ಟೆಂದು ಹೇಳಬೇಕು. ಸರಿಯಾದ ಉತ್ತರಕ್ಕೆ ಒಂದು ಕವಡೆ. ಬಟ್ಟೆ ಇಲ್ಲದಿದ್ದರೆ ಮಗುವು ಬೀಜಗಳನ್ನು ಒಂದೊಂದಾಗಿ ಎಣಿಸಿಬಿಡುವುದು. ತುಟಿ ಅಲುಗುತ್ತಿದ್ದರೆ, ಅಥವಾ ಉತ್ತರವು 55, 57 ಎಂದು ಒಂದರಿಂದ ತಪ್ಪುತ್ತಿದ್ದರೆ, ಎಣಿಕೆಯೇ ನಡೆದಿದೆಯೆಂದು ತಿಳಿಯಬೇಕು. ಆಗ ಬಲ್ಲುದರಿಂದ ಮುಂದಕ್ಕೆ ಸಾಗಿಸಿರಿ: ಐದು ಜೋಡಿಗೆ 40, ಉಳಿದೆರಡಕ್ಕೆ 16, ಕೂಡಿದರೆ 56.

ಈ ಹಂತ ದೃಢವಾದ ಮೇಲೆ ಒಂದು ಸಾಲಿನ ಪ್ರತಿ ಗುಳಿಗೂ ಒಂದೊಂದು ಬೀಜವನ್ನು ಹೆಚ್ಚಿಸಿರಿ. ಈಗ ಜೋಡಿಗೆ 9. ಹೊಸದಾಗಿ ಬಂದ ಬೀಜಗಳು 7. ಆದ್ದರಿಂದ ಏಳೊಂಬತ್ಲಿ, 56ಕ್ಕೆ 7 ಕೂಡಿ, 63. ಪ್ರತಿ ಗುಳಿಯಲ್ಲಿ 3 ಮಾತ್ರ ಉಳಿಸಿದರೆ ಜೋಡಿಗೆ 6, ಒಟ್ಟು 42. ಹೀಗೆ ಒಂದು ಲೆಕ್ಕ ಮತ್ತೊಂದಕ್ಕೆ ಮೆಟ್ಟಿಲಾಗುವುದು.

ಈ ಆಟಕ್ಕೆ ಮಿತಿಯೂ ಉಂಟು. ಮಣೆಯು ಉತ್ತರವನ್ನು ಕಟ್ಟಿಕೊಳ್ಳುವ ದಾರಿಯನ್ನು ಕಲಿಸುವುದೇ ಹೊರತು, ಕೇಳಿದೊಡನೆ ಹೇಳುವ ಚುರುಕನ್ನು ತಾನಾಗಿಯೇ ಕೊಡದು. ಅದಕ್ಕೆ ಬಾಯಿಪಾಠದ ಆವೃತ್ತಿ ಬೇಕು. ಆದ್ದರಿಂದ ಹಿರಿಯರ ಮಗ್ಗಿಯನ್ನು ಕೈಬಿಡಬೇಕಾಗಿಲ್ಲ. ಅದನ್ನು ಆಟದ ಹಿಂದಕ್ಕೆ ಸರಿಸಿದರೆ ಸಾಕು. ಮಣೆಯ ಮೇಲೆ ಕಂಡ ಲೆಕ್ಕವನ್ನೇ ಆಮೇಲೆ ಬಾಯಿ ಹೇಳಲಿ. ಕೆಲವು ದಿನಗಳ ತರುವಾಯ, ಮಣೆಯಿಲ್ಲದೆ, ಏಳೊಂಬತ್ಲಿ ಎಷ್ಟೆಂದು ಹಠಾತ್ತನೆ ಕೇಳಿರಿ. ಮಗುವು ಮೊದಲಿನಿಂದ ರಾಗ ಹಿಡಿಯದೆ, “ಐವತ್ತಾರಕ್ಕೆ ಏಳು ಕೂಡಿ” ಎಂದು ತೊಡಗಿದರೆ, ಅದಕ್ಕೆ ಮಗ್ಗಿ ಅರ್ಥವಾಗಿದೆ.