ಜಾತಕ ಮನೆ ದಾಟುವ ಮುನ್ನ

ಮದುವೆಮನೆಯ ಪಂಕ್ತಿಯಲ್ಲೇ ದೊಡ್ಡಮ್ಮ ಕೇಳುತ್ತಾರೆ: "ಶಿವಮೊಗ್ಗದ ಕಡೆ ಒಳ್ಳೆ ಹುಡುಗ ಇದ್ದಾನೆ, ನಿನ್ನ ಜಾತಕ ಕೊಡ್ಲಾ?" ಮುಜುಗರಕ್ಕೆ "ನೋಡೋಣ" ಎಂದರೆ ಹಿರಿಯರಿಗೆ ಅದು ಅರ್ಧ ಒಪ್ಪಿಗೆ. ಜಾತಕ, ಫೋಟೊ ಆ ಮನೆ ಸೇರಿದ ಮೇಲೆ ಬೇಡವೆಂದರೆ ದೊಡ್ಡಮ್ಮನ ಮಾತು ಹೋಗುತ್ತದೆ; ಹುಡುಗನಲ್ಲಿ ಏನು ಕೊರತೆ ಕಂಡರೋ ಎಂದು ಅವರ ಮನೆಯವರೂ ನೊಂದುಕೊಳ್ಳುತ್ತಾರೆ.

ಹಾಗಾಗಿ ಜಾತಕ ಮನೆ ದಾಟುವ ಮುಂಚೆಯೇ ಹೇಳಬೇಕು. ನಾಲ್ಕು ಜನರೆದುರು ಬೇಡ. "ಮನೆಗೆ ಬಂದು ಮಾತಾಡ್ತೀನಿ, ಅಲ್ಲಿವರೆಗೆ ಯಾರಿಗೂ ಹೇಳಬೇಡಿ ದೊಡ್ಡಮ್ಮ" ಎಂದರೆ ಸಾಕು. ಅಷ್ಟರಲ್ಲಿ ಅಪ್ಪ ಅಮ್ಮನಿಗೂ ತಿಳಿಸಿರಬೇಕು. ಇಲ್ಲದಿದ್ದರೆ ಅವರೇ ಜಾತಕ ಕೊಟ್ಟುಬಿಟ್ಟಾರು.

ಕಾರಣ ಹುಡುಗನ ಬಗ್ಗೆ ಇರದೆ ನಿಮ್ಮ ಬಗ್ಗೆ ಇರಲಿ. ಗುರುಬಲ ಇಲ್ಲವೆಂದು ನೆಪ ಹೇಳಿದರೆ ಶಾಂತಿ ಮಾಡಿಸೋಣ ಎನ್ನುತ್ತಾರೆ. ಓದು ಎಂದರೆ ಮದುವೆಯಾದ ಮೇಲೂ ಓದಬಹುದು ಎನ್ನುತ್ತಾರೆ. "ನನ್ನ ಬಗ್ಗೆ ಯೋಚಿಸಿದ್ರಲ್ಲ, ಖುಷಿಯಾಯ್ತು. ಆದ್ರೆ ಮದುವೆಗೆ ನನ್ನ ಮನಸ್ಸು ಇನ್ನೂ ಸಿದ್ಧವಾಗಿಲ್ಲ. ಅವರನ್ನ ಕಾಯಿಸೋದು ಬೇಡ" ಎಂಬ ಮಾತಿಗೆ ಅಂಥ ಪರಿಹಾರ ಸಿಗುವುದಿಲ್ಲ. ಮತ್ತೆ ಕೇಳಿದರೆ ಅದೇ ಮಾತನ್ನೇ ಹೇಳಿ. ಕಾರಣ ಬದಲಾದರೆ ಚೌಕಾಸಿ ಶುರುವಾಗುತ್ತದೆ. "ಮುಂದಿನ ವರ್ಷ" ಎಂಬ ಗಡುವನ್ನು ಮಾತ್ರ ನಿಜವಿದ್ದರಷ್ಟೇ ಕೊಡಿ, ದೊಡ್ಡಮ್ಮ ಮರೆಯುವುದಿಲ್ಲ.