ಫ್ರೀ ಸರ್ವಿಸ್ ಮುಗೀತು... ವಾರಂಟಿಯೂ ಮುಗೀತಾ?

ತುಮಕೂರು: ದೀಪ ಹತ್ತುತ್ತದೆ. ಶೋರೂಂಗೆ ಹೋದರೆ ಆರುತ್ತದೆ. ಮನೆಗೆ ಬಂದು ಮೂರು ವಾರಕ್ಕೆ ಮತ್ತೆ ಹತ್ತುತ್ತದೆ!

ಮಂಡಿಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರಿಗೆ 2025ರ ಬೇಸಿಗೆ ಕಳೆಯುತ್ತಲೇ ಶುರುವಾದ ತಲೆನೋವು ಇದು. ಅಂಗಡಿಗೆ ಸಾಮಾನು ತರಲೆಂದು 2024ರ ಮಾರ್ಚ್‌ನಲ್ಲಿ ಅವರು ಹೊಸ ಪೆಟ್ರೋಲ್ ವ್ಯಾನ್ ಕೊಂಡಿದ್ದರು. ಮೂರು ಫ್ರೀ ಸರ್ವಿಸನ್ನೂ ಒಂದು ದಿನ ತಪ್ಪದೆ ಮಾಡಿಸಿದ್ದರು. ಮೂರನೆಯದು 2025ರ ಮಾರ್ಚ್‌ನಲ್ಲಿ ಮುಗಿಯಿತು. ಜೂನ್ 9ರಂದು, ಗಾಡಿ 12,400 ಕಿಲೋಮೀಟರ್ ಓಡಿದ್ದಾಗ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು.

ಶೋರೂಂನ ಹುಡುಗ ಸ್ಕ್ಯಾನರ್ ಚುಚ್ಚಿ, ಎರಡು ಗುಂಡಿ ಒತ್ತಿ, "ಏನೂ ಇಲ್ಲ ಯಜಮಾನ್ರೇ, ಹೋಗಿ" ಎಂದ. ಜುಲೈ 1ಕ್ಕೆ ಮತ್ತೆ ಅದೇ ದೀಪ. ಈ ಸಲ ಸ್ಕ್ಯಾನಿಂಗ್‌ಗೆ 500 ರೂಪಾಯಿ, ತೆರಿಗೆ 90, ಒಟ್ಟು 590 ರೂಪಾಯಿ ಬಿಲ್ ಬಂತು. ಜುಲೈ 26ಕ್ಕೆ ಮೂರನೇ ಸಲ. "ಸೆನ್ಸರ್ ಹೋಗಿದೆ, 6,400 ರೂಪಾಯಿ ಆಗುತ್ತೆ. ಫ್ರೀ ಸರ್ವಿಸ್ ಮುಗಿದೋಯ್ತಲ್ಲ, ಇನ್ನು ಎಲ್ಲ ಚಾರ್ಜೇ" ಎಂದರು ಕೌಂಟರಿನವರು.

ಇಲ್ಲೇ ಇರೋದು ಗುಟ್ಟು.

ಫ್ರೀ ಸರ್ವಿಸ್ ಬೇರೆ, ವಾರಂಟಿ ಬೇರೆ. ಫ್ರೀ ಸರ್ವಿಸ್ ಅಂದರೆ ಮೊದಲ ಕೆಲವು ಸರ್ವಿಸ್‌ಗೆ ಕೂಲಿ ಹಿಡಿಯುವುದಿಲ್ಲ ಅಂತ ಮಾತ್ರ. ಆಗಲೂ ಎಂಜಿನ್ ಆಯಿಲ್, ಫಿಲ್ಟರ್‌ನ ಕಾಸು ಗಿರಾಕಿಯದೇ. ವಾರಂಟಿ ಅಂದರೆ ತಯಾರಿಕೆಯ ದೋಷದಿಂದ ಭಾಗ ಕೆಟ್ಟರೆ ಕಂಪನಿ ತನ್ನ ಖರ್ಚಿನಲ್ಲೇ ಸರಿಮಾಡಿಕೊಡುತ್ತೇನೆ ಎಂದು ಕೊಟ್ಟ ಮಾತು. ಈ ವ್ಯಾನಿನ ಪುಸ್ತಕದಲ್ಲಿ ಆ ಮಾತು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಅಂದರೆ 2027ರ ಮಾರ್ಚ್‌ವರೆಗೆ! ಪುಸ್ತಕ ಗಲ್ಲಾಪೆಟ್ಟಿಗೆಯ ಕೆಳಗೆ ಧೂಳು ತಿನ್ನುತ್ತಿತ್ತು. ಬಿ.ಕಾಂ. ಓದುವ ಮಗಳು ತೆಗೆದು ಓದಿದ ಮೇಲೆ ಅಪ್ಪನಿಗೆ ಜೀವ ಬಂತು.

ದೀಪ ಯಾಕೆ ಮರಳಿ ಬರುತ್ತೆ?

ಎಂಜಿನ್ನಿನಲ್ಲಿ ಪುಟ್ಟದೊಂದು ಕಂಪ್ಯೂಟರ್ ಕೂತಿದೆ. ತಪ್ಪು ಕಂಡರೆ ಅದು ಒಂದು ಕೋಡ್ ಬರೆದಿಟ್ಟುಕೊಂಡು ದೀಪ ಹಚ್ಚುತ್ತದೆ. ತಪ್ಪು ಕಂಡ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಬಿಸಿಯಿತ್ತು ಎಂಬುದನ್ನೂ ಜತೆಗೆ ಗುರುತು ಹಾಕಿಕೊಳ್ಳುತ್ತದೆ. ಸ್ಕ್ಯಾನರ್‌ನಲ್ಲಿ ಕೋಡ್ ಅಳಿಸಿದರೆ ದೀಪದ ಜತೆಗೆ ಆ ಗುರುತೂ ಅಳಿಸಿಹೋಗುತ್ತದೆ. ರೋಗ ಮಾತ್ರ ಹಾಗೇ ಇರುತ್ತದೆ. ಕಂಪ್ಯೂಟರ್ ಮತ್ತೆ ಪರೀಕ್ಷೆ ನಡೆಸಿ, ಸಾಮಾನ್ಯವಾಗಿ ಎರಡು ಓಟದಲ್ಲಿ ಅದೇ ತಪ್ಪು ಕಂಡರೆ, ದೀಪ ಹಚ್ಚೇ ಹಚ್ಚುತ್ತದೆ.

ಈ ವ್ಯಾನಿನ ಕೋಡ್ P0135. ಹೊಗೆ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಅದು ಚೆನ್ನಾಗಿ ಬಿಸಿಯಾದರೇ ಕೆಲಸ ಮಾಡೋದು, ಅದಕ್ಕೆ ಒಳಗೊಂದು ಹೀಟರ್. ಆ ಹೀಟರಿನ ಕರೆಂಟ್ ದಾರಿಯಲ್ಲಿ ತೊಂದರೆ ಅಂತ ಈ ಕೋಡಿನ ಅರ್ಥ. ಸೆನ್ಸರೇ ಸತ್ತಿರಬಹುದು, ವೈರ್ ತುಂಡಾಗಿರಬಹುದು, ಫ್ಯೂಸ್ ಹೋಗಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಅಳೆದು ನೋಡದೆ "ಸೆನ್ಸರ್ ಹೋಗಿದೆ" ಅನ್ನುವುದು, ನಾಡಿ ಹಿಡಿಯದೆ ಮಾತ್ರೆ ಬರೆದ ಹಾಗೆ.

ಬಾಯಿಮಾತು ಬಿಟ್ಟು ಈಮೇಲ್

ಅಪ್ಪ ಮಗಳು ಕೂತು ಜುಲೈ 28ರ ರಾತ್ರಿ ಡೀಲರಿಗೆ ಈಮೇಲ್ ಬರೆದರು. ಬೈಗುಳ ಇಲ್ಲ, ಗೋಗರೆತ ಇಲ್ಲ:

"ಮಾನ್ಯರೇ, ನಮ್ಮ ವ್ಯಾನಿನ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ ಕೆಳಗಿದೆ. ಎಂಜಿನ್ ದೀಪ ಜೂನ್ 9, ಜುಲೈ 1 ಮತ್ತು ಜುಲೈ 26ರಂದು ಹತ್ತಿದೆ. ಮೂರು ಸಲವೂ ನಿಮ್ಮಲ್ಲೇ ತೋರಿಸಿದ್ದೇವೆ. ಜಾಬ್ ಕಾರ್ಡ್, ಬಿಲ್, ದೀಪದ ಫೋಟೋ ಲಗತ್ತಿಸಿದ್ದೇವೆ. ಎಲ್ಲ ಸರ್ವಿಸ್ ಸಮಯಕ್ಕೆ ಆಗಿದೆ. ಹೊರಗಿನ ಯಾವ ಫಿಟ್ಟಿಂಗೂ ಹಾಕಿಸಿಲ್ಲ. ಈ ದೋಷ ವಾರಂಟಿಗೆ ಒಳಪಡುತ್ತದೆಯೇ? ಇಲ್ಲವಾದರೆ ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ಇಲ್ಲ? ಮುಂದೆ ಪರೀಕ್ಷೆ ಮಾಡದೆ ಕೋಡ್ ಅಳಿಸಬಾರದು; ಕೋಡ್ ಮತ್ತು ಕಂಡ ಕಾರಣವನ್ನು ಜಾಬ್ ಕಾರ್ಡಿನಲ್ಲಿ ಬರೆಯಬೇಕು. ಏಳು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ."

ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದು ಪ್ರತಿ ಹೋಯಿತು. ಡೀಲರ್ ಮಾರುವವನು, ವಾರಂಟಿ ಕೊಟ್ಟಿರುವುದು ಕಂಪನಿ. ವಾರಂಟಿ ಕೆಲಸದ ದುಡ್ಡನ್ನು ಡೀಲರ್ ಕಂಪನಿಯಿಂದಲೇ ಕೇಳಿ ಪಡೆಯಬೇಕು. ಅದಕ್ಕೆ ಕಾಗದಪತ್ರ ಬೇಕು, ಒಪ್ಪಿಗೆ ಬೇಕು. ಗಿರಾಕಿಯಿಂದ ವಸೂಲಿ ಮಾಡುವುದು ಸುಲಭ, ಅಷ್ಟೇ ಕಥೆ!

ಮೂರನೇ ದಿನ ಉತ್ತರ ಬಂತು: "ವಾಹನ ತನ್ನಿ, ಪರಿಶೀಲಿಸುತ್ತೇವೆ." ಮೀಟರ್ ಹಿಡಿದು ಅಳೆದಾಗ ವೈರ್, ಫ್ಯೂಸ್ ಸರಿಯಿದ್ದವು; ಸೆನ್ಸರಿನೊಳಗಿನ ಹೀಟರೇ ತುಂಡಾಗಿತ್ತು. ಕಂಪನಿಯ ಒಪ್ಪಿಗೆ ಬರಲು ಎಂಟು ದಿನ ಹಿಡಿಯಿತು. ಹೊಸ ಸೆನ್ಸರ್ ಬಂತು, 6,400 ಉಳಿಯಿತು. ಹಿಂದೆ ಕಟ್ಟಿದ 590 ಮಾತ್ರ ವಾಪಸ್ ಬರಲಿಲ್ಲ. ಅದಕ್ಕೂ ಇನ್ನೊಂದು ಈಮೇಲ್ ಹೋಗಿದೆ!

ಎಲ್ಲರಿಗೂ ಹೀಗೇ ಆಗುತ್ತಾ?

ಇಲ್ಲ. ಇದೇ ಬೀದಿಯ ಇನ್ನೊಬ್ಬರ ಕಾರಿನಲ್ಲೂ ಇದೇ ಹಳದಿ ದೀಪ ಹತ್ತಿತ್ತು. ಬಾನೆಟ್ ಎತ್ತಿ ನೋಡಿದರೆ ಇಲಿ ವೈರ್ ಕಡಿದಿತ್ತು. ಇಲಿ ಮಾಡಿದ್ದು ತಯಾರಿಕೆಯ ದೋಷವಲ್ಲ, ವಾರಂಟಿ ಸಿಗಲಿಲ್ಲ. ಕಲಬೆರಕೆ ಪೆಟ್ರೋಲ್, ವೈರ್ ಕತ್ತರಿಸಿ ಹಾಕಿಸಿದ ಹಾರನ್ನು, ಲೈಟು, ಹೊತ್ತಿಗೆ ಮಾಡಿಸದ ಸರ್ವಿಸ್, ಇವುಗಳಿಂದಾದ ಹಾನಿಗೂ ಸಾಮಾನ್ಯವಾಗಿ ಅದೇ ಗತಿ. ಬ್ರೇಕ್ ಪ್ಯಾಡ್, ವೈಪರ್‌ನಂತೆ ಸವೆಯುವ ಭಾಗಗಳೂ ಹೊರಗೇ.

ದೀಪ ಹತ್ತಿದ್ದೂ ಓಡಿಸುತ್ತಾ ಇದ್ದರೆ ಇನ್ನೊಂದು ಅಪಾಯ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದು, ಗಾಡಿಯ ಓಟದಲ್ಲಿ ವ್ಯತ್ಯಾಸ ಇಲ್ಲದಿದ್ದರೆ ನಿಧಾನವಾಗಿ ಶೋರೂಂ ಸೇರಬಹುದು. ಮಿಟುಕುತ್ತಿದ್ದರೆ ಎಂಜಿನ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಹೊಗೆ ಶುದ್ಧಿ ಮಾಡುವ ದುಬಾರಿ ಭಾಗವೇ ಸುಟ್ಟುಹೋದೀತು. ಆಯಿಲ್ ಅಥವಾ ಬಿಸಿಯ ಕೆಂಪು ದೀಪವಾದರೆ ಅಲ್ಲೇ ನಿಲ್ಲಿಸಬೇಕು. "ನೋಡಿಯೂ ಓಡಿಸಿದ್ದೀರಿ" ಎಂಬ ಒಂದೇ ಮಾತಿಗೆ ವಾರಂಟಿ ಬಿದ್ದುಹೋಗಬಹುದು.

ಮುಖ್ಯ ಸಂಗತಿ ಒಂದೇ. ದೂರು ವಾರಂಟಿ ಅವಧಿಯೊಳಗೆ ದಾಖಲಾಗಿರಬೇಕು. "ಹೋಗಿ, ಏನೂ ಇಲ್ಲ" ಎಂದಾಗ ಜಾಬ್ ಕಾರ್ಡ್ ಬಿಡದೆ ಪಡೆಯಬೇಕು. ನಾಳೆ ಅವಧಿ ಮುಗಿದ ಮೇಲೆ ಅದೇ ದೀಪ ಹತ್ತಿದರೆ, ಇದು ಹಳೇ ರೋಗ ಎಂದು ಹೇಳಲು ಆ ಚೀಟಿಯೇ ಸಾಕ್ಷಿ. ಉತ್ತರವೇ ಬರದಿದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. 2019ರ ಕಾಯ್ದೆ ಪ್ರಕಾರ ಅಲ್ಲಿಗೆ ಹೋಗಲು ಎರಡು ವರ್ಷದ ಗಡುವು.

ವ್ಯಾಪಾರಿಯ ಪುಸ್ತಕ ಈಗ ಗಲ್ಲಾಪೆಟ್ಟಿಗೆಯ ಕೆಳಗಿಲ್ಲ. ಸಾಲದ ಲೆಕ್ಕದ ಖಾತೆ ಪುಸ್ತಕದ ಜತೆಗೇ ಕೂತಿದೆ. "ಎರಡೂ ಒಂದೇ ಕಣ್ರೀ," ಅನ್ನುತ್ತಾರೆ ಅವರು, "ಬರೆದಿಟ್ಟರೆ ಉಂಟು, ಇಲ್ಲಾಂದ್ರೆ ಇಲ್ಲ."